ಕೈಕೊಟ್ಟವರು, ಕೈಬಿಟ್ಟವರು, ಕೈಸೋತವರು

ಕನ್ನಡದ ನುಡಿಗಟ್ಟುಗಳಲ್ಲಿ ಕೈಯಷ್ಟು ದುಡಿದ ಅವಯವ ಬೇರೊಂದಿಲ್ಲವೆಂದು ನನ್ನ ಎಣಿಕೆ. ಕಣ್ಣು, ಬಾಯಿ, ಹೊಟ್ಟೆ, ತಲೆ ಇವೆಲ್ಲ ತಮ್ಮ ಪಾಲಿನ ಕೆಲಸ ಮಾಡಿರುವುದು ನಿಜ. ಆದರೆ ಕೆಲಸ ಕೈಗೂಡಬೇಕು, ಒಳ್ಳೆಯದಕ್ಕೆ ಕೈಹಾಕಬೇಕು, ಬಿದ್ದವರನ್ನು ಕೈಹಿಡಿಯಬೇಕು ಎನ್ನುವಾಗ ನಮ್ಮ ನಾಲಗೆಗೆ ಮೊದಲು ಒದಗುವುದು ಕೈಯೇ. ಪಾಠ ಹೇಳುವವನಿಗೆ ಇವು ತೊಡಕಲ್ಲ. ಒಂದಕ್ಕೊಂದು ದೂರ ನಿಂತಿರುವುದರಿಂದ ಹುಡುಗರು ಬೇಗ ಗುರುತು ಹಿಡಿಯುತ್ತಾರೆ. ತೊಡಕು ಬರುವುದು ‘ಕೈಕೊಡು’, ‘ಕೈಬಿಡು’, ‘ಕೈಚೆಲ್ಲು’ ಎಂಬ ಮೂವರು ಒಟ್ಟಿಗೆ ಬಂದು ನಿಂತಾಗ. ಮೂರರಲ್ಲಿಯೂ ಯಾವುದೋ ಒಂದು ಆಸರೆ ತಪ್ಪುತ್ತದೆ. ಆದುದರಿಂದ ಪರೀಕ್ಷೆಯಲ್ಲಿ ಒಂದರ ಅರ್ಥವನ್ನು ಕೇಳಿ ಕೆಳಗೆ ನಾಲ್ಕು ಉತ್ತರಗಳನ್ನು ಕೊಟ್ಟರೆ, ಜಾಣ ಹುಡುಗನೂ ಎರಡರ ನಡುವೆ ತೂಗಾಡುತ್ತಾನೆ.

ಇದಕ್ಕೆ ಮುಖ್ಯ ಕಾರಣ ನಾವು ಮಕ್ಕಳ ಕೈಗೆ ಕೊಡುವ ಪಟ್ಟಿಗಳು. ಕೈಕೊಡು ಎಂದರೆ ಮೋಸಮಾಡು, ಕೈಬಿಡು ಎಂದರೆ ತೊರೆ, ಕೈಚೆಲ್ಲು ಎಂದರೆ ನಿರಾಶನಾಗು ಎಂದು ಒಂದಕ್ಕೆ ಒಂದರಂತೆ ಬರೆದುಕೊಟ್ಟರೆ ಕೆಲಸ ತೀರಿತೆಂದು ಬಗೆಯುತ್ತೇವೆ. ಈ ಪಟ್ಟಿಯನ್ನು ಹಿಡಿದು ‘ಬಿತ್ತಿದ ಮೇಲೆ ಮಳೆ ಕೈಕೊಟ್ಟಿತು’ ಎಂಬ ವಾಕ್ಯಕ್ಕೆ ಅರ್ಥ ಹೇಳಹೋದರೆ, ಮಳೆಯ ತಲೆಯ ಮೇಲೆ ಮೋಸದ ಅಪವಾದ ಬರುತ್ತದೆ. ಮೋಸಕ್ಕೆ ಮನಸ್ಸು ಬೇಕು, ಮಳೆಗೆಲ್ಲಿಯ ಮನಸ್ಸು? ಹೊಲದ ನಡುವೆ ಪಂಪು ಕೈಕೊಡುತ್ತದೆ, ಊರು ಇನ್ನೂ ಎರಡು ಹರದಾರಿ ಇರುವಾಗ ಸೈಕಲ್ಲು ಕೈಕೊಡುತ್ತದೆ, ಮುಪ್ಪಿನಲ್ಲಿ ಮೊಣಕಾಲು ಕೈಕೊಡುತ್ತದೆ. ಇವೆಲ್ಲವುಗಳಲ್ಲಿ ಸಮಾನವಾಗಿರುವುದು ಮೋಸವಲ್ಲ. ನಂಬಿಕೊಂಡದ್ದು, ಬೇಕಾದ ಹೊತ್ತಿಗೆ ಒದಗದೆ ಹೋದುದೇ ಇಲ್ಲಿಯ ತಿರುಳು. ಮನುಷ್ಯನು ಹಾಗೆ ಒದಗದೆ ಹೋದಾಗ ಅದರಲ್ಲಿ ಮೋಸದ ವಾಸನೆ ಸೇರುತ್ತದೆ, ಅಷ್ಟೆ.

‘ಕೈಬಿಡು’ ಎಂಬುದಕ್ಕೆ ಹೊತ್ತಿನ ಹಂಗಿಲ್ಲ. ಅದಕ್ಕೆ ಬೇಕಾದುದು ಬಿಡುವವನ ನಿರ್ಧಾರ. ಹಿಡಿದಿದ್ದ ಒಬ್ಬನು ಇನ್ನು ಹಿಡಿಯೆನೆಂದು ಬಿಡುತ್ತಾನೆ. ಅದರಲ್ಲಿ ಕ್ರೌರ್ಯವೇ ಇರಬೇಕೆಂದಿಲ್ಲ. ಕಟ್ಟಡದ ಯೋಜನೆಯೊಂದನ್ನು ಖರ್ಚು ಹೆಚ್ಚಾಯಿತೆಂದು ಕೈಬಿಡುವುದುಂಟು, ಪಟ್ಟಿಯಿಂದ ಒಂದು ಹೆಸರನ್ನು ಕೈಬಿಡುವುದುಂಟು. ‘ಕೈಚೆಲ್ಲು’ ಇವೆರಡಕ್ಕಿಂತ ಬೇರೆ. ಅಲ್ಲಿ ಮೊದಲು ದುಡಿಮೆ ನಡೆದಿರಬೇಕು. ಮಾಡುವುದನ್ನೆಲ್ಲ ಮಾಡಿ, ಇನ್ನು ನಮ್ಮಿಂದಾಗದು ಎಂದು ಸೋತು ಕುಳಿತವರು ಕೈಚೆಲ್ಲಿದವರು. ಏನನ್ನೂ ಮಾಡದೆ ಸುಮ್ಮನೆ ನೋಡುತ್ತಿದ್ದವರಿಗೆ ಈ ಮಾತು ಸಲ್ಲದು. ಅವರು ಕೈಕಟ್ಟಿ ಕುಳಿತವರು. ವೈದ್ಯರು ರೋಗಿಯ ವಿಷಯದಲ್ಲಿ ಕೈಚೆಲ್ಲಿದರೆಂದರೆ ಮನೆಯವರು ಅಳುತ್ತಾರೆ; ವೈದ್ಯರು ರೋಗಿಯನ್ನು ಕೈಬಿಟ್ಟರೆಂದರೆ ಅದೇ ಮನೆಯವರು ಜಗಳಕ್ಕೆ ಹೋಗುತ್ತಾರೆ.

ಈ ಭೇದವನ್ನು ತರಗತಿಯಲ್ಲಿ ತೋರಿಸಲು ನನಗೆ ವಿಭಕ್ತಿಯೇ ಒಳ್ಳೆಯ ಸಾಧನವಾಯಿತು. ನುಡಿಗಟ್ಟಿನ ಹಿಂದೆ ಬರುವ ನಾಮಪದದ ಬಾಲವನ್ನು ನೋಡಿರೆಂದು ಹೇಳುತ್ತಿದ್ದೆ. ಗೆಳೆಯನು ನನಗೆ ಕೈಕೊಟ್ಟನು. ಇಲ್ಲಿ ‘ಗೆ’ ಬಂತು. ಗೆಳೆಯನು ನನ್ನನ್ನು ಕೈಬಿಟ್ಟನು. ಇಲ್ಲಿ ‘ಅನ್ನು’ ಬಂತು. ಗೆಳೆಯನು ಕೈಚೆಲ್ಲಿದನು, ಇಲ್ಲಿ ಯಾರಿಗೆ, ಯಾರನ್ನು ಎಂಬ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಸೋಲು ಅವನದೇ. ‘ನನ್ನನ್ನು ಕೈಕೊಟ್ಟನು’ ಎಂದಾಗಲಿ ‘ನನಗೆ ಕೈಬಿಟ್ಟನು’ ಎಂದಾಗಲಿ ಹೇಳಿ ನೋಡಿದರೆ ಕಿವಿಯೇ ಬೇಡವೆನ್ನುತ್ತದೆ. ಉತ್ತರಗಳು ಒಂದೇ ತೆರನಾಗಿ ಕಂಡಾಗ ಅರ್ಥವನ್ನು ಹುಡುಕುವ ಮೊದಲು ಪ್ರತ್ಯಯವನ್ನು ಹುಡುಕುವುದು ಲೇಸು.

ಮಾತು ತಪ್ಪಿದರೆ ಏನಾಗುತ್ತದೆಂಬುದನ್ನು ಒಂದು ಜೂನ್ ತಿಂಗಳಲ್ಲಿ ಕಂಡೆ. ನಾನು ಆಗ ಕೆಲಸ ಮಾಡುತ್ತಿದ್ದ ಊರಿನಲ್ಲಿ, ತಂದೆಯಿಲ್ಲದ ಹುಡುಗನೊಬ್ಬ ವಿದ್ಯಾರ್ಥಿ ನಿಲಯದಲ್ಲಿ ಉಚಿತ ಸ್ಥಳವನ್ನು ಬೇಡಿ ಅರ್ಜಿ ಬರೆದಿದ್ದ. ಅದರಲ್ಲಿ ‘ಇದುವರೆಗೆ ನಮ್ಮ ಕಾಕಾ ಓದಿಸಿದರು, ಈ ವರ್ಷ ಅವರು ನಮಗೆ ಕೈಕೊಟ್ಟಿದ್ದಾರೆ’ ಎಂದಿತ್ತು. ವ್ಯಾಕರಣ ಸರಿಯಾಗಿತ್ತು, ‘ಗೆ’ ಕೂಡ ತನ್ನ ಸ್ಥಾನದಲ್ಲಿತ್ತು. ಆದರೆ ಅರ್ಜಿಯನ್ನು ಗಟ್ಟಿಯಾಗಿ ಓದಿದಾಗ ಸಮಿತಿಯ ಹಿರಿಯರೊಬ್ಬರು ಹುಬ್ಬುಗಂಟಿಕ್ಕಿ, “ಹುಡುಗನ ಪಾಲಿನ ಹೊಲ ನುಂಗಿ ಕೂತಾನೇನು ಇವನ ಕಾಕಾ? ಹಂಗಿದ್ರ ಖರ್ಚು ಅವನ ಕಡೆಯಿಂದನ ತಗೋಬೇಕು, ನಾವ್ಯಾಕ ಕೊಡೋಣು?” ಎಂದರು. ಕಾಕಾ ಬಾಗಿಲ ಬಳಿಯೇ ನಿಂತಿದ್ದರು. “ನಾ ಎಲ್ಲಿ ಕೈಕೊಟ್ಟೇನ್ರೀ ಯಜಮಾನ್ರ? ಹ್ವಾದ ವರ್ಷ ಎತ್ತು ಮಾರಿ ಫೀ ಕಟ್ಟೇನಿ. ಈಗ ಕೈ ಸೋತಾವ್ರಿ” ಎಂದರು. ಹುಡುಗ ತಲೆತಗ್ಗಿಸಿದ. ಅವನು ತಿಳಿದದ್ದು ಇಷ್ಟೇ: ಇನ್ನು ಮುಂದೆ ಹಣ ಬರುವುದಿಲ್ಲ, ಅದಕ್ಕೊಂದು ನುಡಿಗಟ್ಟು ಬೇಕು.

ಅಂದು ಆ ಒಂದು ವಾಕ್ಯದ ಮೇಲೆ ಎರಡು ಸಂಗತಿಗಳು ನಿಂತಿದ್ದವು: ಹುಡುಗನ ಓದು ಮತ್ತು ಕಾಕಾನ ಮಾನ. ಅಲ್ಲಿ ‘ಕೈಬಿಟ್ಟಿದ್ದಾರೆ’ ಎಂದು ಬರೆದಿದ್ದರೆ ಕಾಕಾ ಬೇಕೆಂದೇ ಹುಡುಗನನ್ನು ದೂರಮಾಡಿದಂತಾಗುತ್ತಿತ್ತು. ‘ಕೈಚೆಲ್ಲಿದ್ದಾರೆ’ ಎಂದಿದ್ದರೆ ಸತ್ಯಕ್ಕೆ ಹತ್ತಿರವಾಗುತ್ತಿತ್ತು. ಆದರೂ ಅದರಲ್ಲಿ ಹತಾಶೆಯೇ ಮುಂದಾಗಿ, ದುಡ್ಡಿನ ಮುಗ್ಗಟ್ಟು ಮರೆಯಾಗುತ್ತಿತ್ತು. ಸರಿಯಾದ ಮಾತನ್ನು ಅಕ್ಷರ ಬಾರದ ಆ ಒಕ್ಕಲಿಗನೇ ಆಡಿದ್ದ. ಕೈಸೋಲುವುದೆಂದರೆ ಇಚ್ಛೆ ಉಳಿದು ಶಕ್ತಿ ತೀರುವುದು. ಸಮಿತಿಯವರ ಒಪ್ಪಿಗೆಯಿಂದ ಆ ವಾಕ್ಯವನ್ನು ಹುಡುಗನು ಅಲ್ಲಿಯೇ ತಿದ್ದಿ ಬರೆದ. ಅರ್ಜಿ ಮಂಜೂರಾಯಿತು. ಆ ಹಿರಿಯರೇ ಹೊರಗೆ ಬಂದು ಕಾಕಾನಿಗೆ ಚಹ ಕುಡಿಸಿದರೆಂದು ಆಮೇಲೆ ಕೇಳಿದೆ.

ವಿಭಕ್ತಿಯ ಸಾಧನಕ್ಕೂ ಮಿತಿಯುಂಟು. ಆ ಅರ್ಜಿಯಲ್ಲಿ ಕಂಡಂತೆ, ಪ್ರತ್ಯಯ ಸರಿಯಾಗಿದ್ದೂ ಮಾತು ಸಂದರ್ಭಕ್ಕೆ ಒಗ್ಗದಿರಬಹುದು. ಮೇಲಾಗಿ ಆಡುಮಾತಿನಲ್ಲಿ ನಾಮಪದವನ್ನೇ ಬಿಟ್ಟು ‘ಕೈಕೊಟ್ಟ ನೋಡ್ರಿ’ ಎಂದು ಮುಗಿಸುತ್ತೇವೆ. ಷಷ್ಠಿಯಂತೂ ಎರಡು ದೋಣಿಗಳಲ್ಲಿ ಕಾಲಿಡುತ್ತದೆ. ‘ನನ್ನ ಕೈ ಬಿಡಬೇಡ’ ಎಂದು ಜಾತ್ರೆಯ ಗದ್ದಲದಲ್ಲಿ ತಾಯಿಯು ಮಗುವಿಗೆ ಹೇಳಿದರೆ ಅದು ಬರಿಯ ಕೈ. ಸಾಲದಲ್ಲಿ ಮುಳುಗಿದವನು ಬೀಗರಿಗೆ ಹೇಳಿದರೆ ಅದು ನುಡಿಗಟ್ಟು. ಆಗ ನಡುವೆ ಒಂದು ಶಬ್ದವನ್ನು ಸೇರಿಸಿ ನೋಡಬೇಕು. ‘ನನ್ನ ಕೈಯನ್ನು ಮೆಲ್ಲಗೆ ಬಿಡು’ ಎಂದು ಮಗುವಿಗೆ ಹೇಳಬಹುದು, ಬೀಗರಿಗೆ ಹೇಳಲಾಗದು. ಬಿಗಿದು ಕಟ್ಟಿದ ಗಟ್ಟು ನಡುವೆ ಹೊಸಬರನ್ನು ಸುಲಭವಾಗಿ ಸೇರಿಸಿಕೊಳ್ಳದು.

ಇನ್ನು ಕೆಲವೆಡೆ ಕ್ರಿಯಾಪದದ ರೂಪವನ್ನೂ ನೋಡಬೇಕಾಗುತ್ತದೆ. ಕಾಳಿನ ಚೀಲದ ಒಂದು ತುದಿಯನ್ನು ಹಿಡಿದು ನಿಂತ ರೈತನು ದಾರಿಹೋಕನಿಗೆ “ಒಂದೀಟು ಕೈ ಕೊಡೋ ತಮ್ಮಾ” ಎನ್ನುತ್ತಾನೆ. ಅದು ನೆರವಿನ ಕೋರಿಕೆ. ದಾರಿಹೋಕನು ಬರುತ್ತೇನೆಂದು ಹೇಳಿ ಬಾರದೆ ಹೋದರೆ, ಸಂಜೆ ಅದೇ ರೈತ ಮನೆಯಲ್ಲಿ “ಕೈಕೊಟ್ಟು ಹ್ವಾದ” ಎನ್ನುತ್ತಾನೆ. ಬೆಳಗ್ಗೆ ಬೇಡಿದ್ದೂ ಅದೇ, ಸಂಜೆ ದೂರಿದ್ದೂ ಅದೇ.