ನೂರರಾಗ ಹದಿಮೂರು

ಮೋಟೆಬೆನ್ನೂರು ಅಂದ್ರೆ ಹೊರಗಿನವರಿಗೆ ನೆನಪಾಗೋದು ಬ್ಯಾಡಗಿ ಮೆಣಸಿನಕಾಯಿ. ಸೀಜನ್‌ನಲ್ಲಿ ಹೆದ್ದಾರಿಯ ಬಸ್ಸಲ್ಲಿ ಕೂತವರಿಗೂ ಘಾಟು ತಿಳಿಯುತ್ತೆ. ಆದರೆ ಹಾವೇರಿ, ರಾಣೆಬೆನ್ನೂರು ಸುತ್ತಮುತ್ತ ಇನ್ನೊಂದು ದೊಡ್ಡ ದಂಧೆ ಇದೆ, ಅದಕ್ಕೆ ಘಾಟಿಲ್ಲ, ಹಾಗಾಗಿ ಸುದ್ದಿಯೂ ಕಡಿಮೆ. ಅದು ಬೀಜ. ಹತ್ತಿ, ಟೊಮ್ಯಾಟೊ, ಮೆಣಸಿನಕಾಯಿ, ಗೋವಿನಜೋಳದ ಹೈಬ್ರಿಡ್ ಬೀಜವನ್ನು ಇಲ್ಲಿನ ರೈತರು ಕಂಪನಿಗಳಿಗೆ ಬೆಳೆದುಕೊಡ್ತಾರೆ. ಅಂಥ ಬೀಜ ಒಣಗಿಸಿ, ಶೋಧಿಸಿ, ಚೀಲ ತುಂಬುವ ಒಂದು ಘಟಕದ ಲ್ಯಾಬ್‌ನಲ್ಲಿ ನನ್ನ ಕೆಲಸ. ಮೊಳಕೆ ಎಣಿಸೋದು.

ಫ್ಯಾಕ್ಟರಿಯ ಬ್ಯಾಚಿನಲ್ಲಿ ಕೆಟ್ಟ ಮಾಲು ಎಷ್ಟಿದೆ ಅಂತ ಅಂದಾಜು ಮಾಡೋ ಲೆಕ್ಕವನ್ನು ಕಾಲೇಜಿನ ಪುಸ್ತಕ ಯಾವಾಗಲೂ ಬಲ್ಬಿನ ಉದಾಹರಣೆ ಕೊಟ್ಟೇ ಕಲಿಸುತ್ತೆ. ನನ್ನ ಬಲ್ಬು ಗೋವಿನಜೋಳದ ಕಾಳು. ಮೊಳೆತರೆ ಸರಿ, ಮೊಳೆಯದಿದ್ದರೆ ಅಥವಾ ಮೊಳಕೆ ಸೊಟ್ಟಗಿದ್ದರೆ ದೋಷ. ಬೀಜ ಪ್ರಮಾಣೀಕರಣದ ಮಾನದಂಡದ ಪ್ರಕಾರ ಹೈಬ್ರಿಡ್ ಗೋವಿನಜೋಳದ ಬೀಜ ಕನಿಷ್ಠ 90% ಮೊಳೀಬೇಕು. ಅಂದರೆ ನೂರಕ್ಕೆ ಹತ್ತು ಕೆಟ್ಟರೂ ನಡೆಯುತ್ತೆ, ಹನ್ನೊಂದು ಆಯ್ತೋ ಇಲ್ಲ. ಕೇಳೋಕೆ ಸರಳ. ತಕರಾರು ಶುರುವಾಗೋದು ಆ ನೂರನ್ನು ಎಲ್ಲಿಂದ ತಂದಿರಿ ಅನ್ನೋದರಿಂದ.

ಒಬ್ಬ ಕಾಕಾ ಗೇಟಿನ ಹತ್ತಿರ ನಿಂತು ನನ್ನನ್ನು ಕೇಳಿದ್ದು ಇದನ್ನೇ. ಅವರ ಲಾಟಿನಿಂದ ತೆಗೆದ ನೂರು ಕಾಳಲ್ಲಿ ಹದಿಮೂರು ಎದ್ದಿರಲಿಲ್ಲ. ಲಾಟ್ ಫೇಲ್ ಅಂತ ಫೋನ್ ಹೋಗಿತ್ತು.

"ತಂಗೀ, ನೂರರಾಗ ಹದಿಮೂರು ಸತ್ತಾವ ಅಂದ್ರ ನನ್ನ ಮಾಲೆಲ್ಲಾ ಹಂಗ ಐತೆನು? ಬ್ಯಾರೆ ನೂರು ತಗದಿದ್ರ?"

"ಬ್ಯಾರೆ ನಂಬರ್ ಬರ್ತಿತ್ರೀ ಕಾಕಾ. ಎಷ್ಟು ಬ್ಯಾರೆ ಅನ್ನೂದ ಲೆಕ್ಕ," ಅಂದೆ.

ಆ ಲೆಕ್ಕ ಹೀಗಿದೆ. ಲಾಟಿನಲ್ಲಿ ನಿಜವಾಗಿ ಕೆಟ್ಟಿರೋದು ಸರಿಯಾಗಿ 10% ಅಂತ ಇಟ್ಕೊಳ್ಳಿ. ನೂರು ಕಾಳು ತೆಗೆದರೆ ಸರಾಸರಿ ಎಷ್ಟು ಕೆಟ್ಟವು ಬರಬೇಕು? 100 × 0.1, ಅಂದರೆ 10. ಇದೇ ನಿರೀಕ್ಷಿತ ಮೌಲ್ಯ. ಹೆಸರು ಕೇಳಿ ಮೋಸ ಹೋಗಬೇಡಿ, ನೀವು ನಿರೀಕ್ಷಿಸಬೇಕಾದ ಫಲಿತಾಂಶ ಅಂತ ಅರ್ಥವಲ್ಲ. ಸಾವಿರಾರು ಸಲ ನೂರು ನೂರು ತೆಗೆದು ಸರಾಸರಿ ಮಾಡಿದರೆ 10ರ ಹತ್ತಿರ ನಿಲ್ಲುತ್ತೆ, ಅಷ್ಟೇ. ಒಂದೇ ಸಲ ತೆಗೆದಾಗ ಕರಾರುವಾಕ್ಕಾಗಿ 10 ಬರುವ ಸಾಧ್ಯತೆ ಕೇವಲ 13%. ಉಳಿದ 87% ಸಲ ಬೇರೆ ಏನೋ ಬರುತ್ತೆ.

ಆ 'ಬೇರೆ ಏನೋ' ಹೇಗೆ ಹರಡಿರುತ್ತೆ ಅಂತ ಹೇಳೋದೇ ಬೈನಾಮಿಯಲ್ ಅಥವಾ ದ್ವಿಪದ ವಿತರಣೆ. ಪ್ರತಿ ಕಾಳಿಗೆ ಎರಡೇ ಗತಿ, ಏಳೋದು ಅಥವಾ ಸಾಯೋದು. ಎಲ್ಲಕ್ಕೂ ಒಂದೇ ಸಂಭವ, ಒಂದರ ಗತಿ ಇನ್ನೊಂದಕ್ಕೆ ಸಂಬಂಧವಿಲ್ಲ. ಇಷ್ಟು ನಿಜವಾದರೆ ಹರಡುವಿಕೆಯ ಅಳತೆಗೂ ಸೂತ್ರ ಇದೆ: ಕಾಳಿನ ಸಂಖ್ಯೆ, ಕೆಡುವ ಸಂಭವ, ಕೆಡದಿರುವ ಸಂಭವ ಮೂರನ್ನೂ ಗುಣಿಸಿ ವರ್ಗಮೂಲ ತೆಗೆಯೋದು. 100 × 0.1 × 0.9 ಅಂದರೆ 9, ಅದರ ವರ್ಗಮೂಲ 3. ಹೀಗಾಗಿ 10% ಕೆಟ್ಟ ಲಾಟಿನಿಂದ ಏಳು ಬಂದರೂ ಹದಿಮೂರು ಬಂದರೂ ಅಚ್ಚರಿ ಇಲ್ಲ. ಹದಿಮೂರು ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಸುಮಾರು 20%, ಐದರಲ್ಲಿ ಒಂದು ಸಲ.

ಹತ್ತು ದಾಟಿದರೆ ಫೇಲ್ ಅನ್ನೋ ನಿಯಮಕ್ಕೆ ಬಂದರೆ ಇನ್ನೂ ಕಷ್ಟ. ಫೋನಿನ ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಇದನ್ನು ಹಾಕಿ ನೋಡಿ:

```
=1-BINOM.DIST(10,100,0.1,TRUE)
```

0.417 ಬರುತ್ತೆ. ಮಾನದಂಡಕ್ಕೆ ಸರಿಯಾಗಿ ಮುಟ್ಟುವ ಲಾಟು ನೂರು ಕಾಳಿನ ಪರೀಕ್ಷೆಯಲ್ಲಿ 42% ಸಲ ಫೇಲ್ ಆಗುತ್ತೆ. ನಾಣ್ಯ ಚಿಮ್ಮಿದ ಹಾಗೇ ಆಯ್ತಲ್ಲ.

ಅಂಚಿನಲ್ಲಿರೋ ಮಾಲಿನ ಮಾತು ಬಿಡಿ ಅನ್ನಬಹುದು. ಚೆನ್ನಾಗಿರೋ ಮಾಲು ತಗೊಳ್ಳೋಣ, ಕೆಟ್ಟಿರೋದು 8% ಮಾತ್ರ. ನೂರರ ಪರೀಕ್ಷೆಯಲ್ಲಿ ಇದೂ ಸುಮಾರು 18% ಸಲ ಫೇಲ್. ಒಂದು ಸೀಜನ್‌ನಲ್ಲಿ ಇಂಥ 50 ಲಾಟ್ ಬಂದವು ಅಂದ್ಕೊಳ್ಳಿ. ತಪ್ಪಾಗಿ ವಾಪಸ್ ಹೋಗೋ ಲಾಟುಗಳ ನಿರೀಕ್ಷಿತ ಸಂಖ್ಯೆ 50 × 0.18, ಅಂದರೆ 9. ಒಂಬತ್ತು ಮನೆಯವರು ಬೀಜದ ರೇಟಿನ ಬದಲು ಕಾಳಿನ ರೇಟಿಗೆ ಮಾರಬೇಕು, ಮಾಲಿನಲ್ಲಿ ತಪ್ಪಿಲ್ಲದಿದ್ದರೂ. ಅದೇ 400 ಕಾಳು ಇಟ್ಟು, 40ರವರೆಗೆ ಪಾಸ್ ಅಂದರೆ? ತಪ್ಪಾಗಿ ಫೇಲ್ ಆಗೋದು ಸುಮಾರು 6%ಗೆ ಇಳಿಯುತ್ತೆ, ಒಂಬತ್ತು ಮನೆ ಮೂರಾಗುತ್ತೆ. ಕಂಪನಿಗೂ ಲಾಭವೇ. 12% ಕೆಟ್ಟ ಲಾಟು ನೂರರ ಪರೀಕ್ಷೆಯಲ್ಲಿ ಮೂರರಲ್ಲಿ ಒಂದು ಸಲ ಪಾಸಾಗಿ ನುಸುಳಿದರೆ, ನಾನೂರರಲ್ಲಿ ನುಸುಳೋದು ಸುಮಾರು 12% ಸಲ.

ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಸ್ಥೆಯ (ಇಸ್ಟಾ) ನಿಯಮದಲ್ಲಿ 400 ಕಾಳು ಅಂತ ಇರೋದು ಸುಮ್ಮನೆ ಅಲ್ಲ. ನೂರರಂತೆ ನಾಲ್ಕು ಭಾಗ ಮಾಡಿ, ಒದ್ದೆ ಕಾಗದದಲ್ಲಿ ಸುತ್ತಿ ಇಡಬೇಕು, ಗೋವಿನಜೋಳಕ್ಕೆ ನಾಲ್ಕನೇ ದಿನ ಮೊದಲ ಎಣಿಕೆ, ಏಳನೇ ದಿನ ಕೊನೆಯದು. ಲಾರಿಗಳು ಸಾಲುಗಟ್ಟಿದಾಗ "ನೂರರ ಮೇಲೆ ಹೇಳಿಬಿಡಿ" ಅನ್ನೋ ಅವಸರ ಎಲ್ಲ ಕಡೆ ಇರುತ್ತೆ. ಅಂದಾಜಿಗೆ ನೂರು ಸಾಕು, ತೀರ್ಪಿಗೆ ಸಾಲದು ಅನ್ನೋದು ನನ್ನ ಅಭಿಪ್ರಾಯ.

ಕಾಕಾನ ಲಾಟಿಗೆ ನಾನೂರು ಇಟ್ಟೆವು. ಏಳನೇ ದಿನ ನಾಲ್ಕು ಸುರುಳಿ ಬಿಚ್ಚಿದಾಗ ಎದ್ದವು 92, 90, 89, 93. ಒಟ್ಟು 364, ಕೆಟ್ಟವು 36. ಮೊಳಕೆ 91%. ಪಾಸ್.

ಇಲ್ಲೇ ಕತೆ ಮುಗಿಸಿದರೆ ಚಂದ. ಆದರೆ ಮೊದಲ ನೂರನ್ನು ಏನು ಮಾಡಬೇಕು? ನಮ್ಮ ಸೂಪರ್‌ವೈಸರ್ ಸಾಹೇಬರು "ಹಳೇದು ಬಿಡವ್ವ, ಹೊಸಾದು ಬರಿ" ಅಂದರು. ನಾನು ಒಪ್ಪಲಿಲ್ಲ. ಫೇಲ್ ಆದಾಗ ಮತ್ತೆ ತೆಗೆಯೋದು, ಪಾಸ್ ಆದಾಗ ನಿಲ್ಲಿಸೋದು ಅನ್ನೋ ಪದ್ಧತಿ ಲೆಕ್ಕವನ್ನೇ ಕೊಲ್ಲುತ್ತೆ. ಆ 12% ಕೆಟ್ಟ ಲಾಟನ್ನೇ ನೋಡಿ. ಒಂದು ಸಲ ನೂರು ಇಟ್ಟರೆ ಫೇಲ್ ಆಗೋ ಸಾಧ್ಯತೆ ಮೂರರಲ್ಲಿ ಎರಡು. ಮೂರು ಅವಕಾಶ ಕೊಟ್ಟರೆ ಮೂರೂ ಸಲ ಫೇಲ್ ಆಗೋದು ಮೂರರಲ್ಲಿ ಎರಡನ್ನು ಮೂರು ಸಲ ಗುಣಿಸಿದಷ್ಟು, ಸುಮಾರು 30%. ಅಂದರೆ 70% ಸಲ ಒಂದಾದರೂ ಪಾಸ್ ರಿಪೋರ್ಟ್ ಕೈಗೆ ಸಿಕ್ಕೇ ಸಿಗುತ್ತೆ. ಯಾರೂ ಒಂದು ಅಂಕಿಯನ್ನೂ ಸುಳ್ಳು ಬರೆದಿರಲ್ಲ, ಆದರೂ ಕೆಟ್ಟ ಬೀಜ ಚೀಲ ಸೇರಿರುತ್ತೆ. ಬಿತ್ತಿದ ರೈತನ ಸಾಲಿನಲ್ಲಿ ಗ್ಯಾಪ್ ಬಿದ್ದಾಗಲೇ ಅದು ಗೊತ್ತಾಗೋದು.

ಹಾಗಾಗಿ ಎರಡನ್ನೂ ಕೂಡಿಸಿದೆವು. 13 ಮತ್ತು 36 ಸೇರಿ 49, ಐನೂರು ಕಾಳಿಗೆ. 9.8%. ಪಾಸೇ, ಆದರೆ ಕೂದಲೆಳೆಯಲ್ಲಿ. ಇನ್ನೆರಡು ಕಾಳು ಸತ್ತಿದ್ದರೆ ಇಲ್ಲ. ಕಾಕಾಗೆ ಇದನ್ನೂ ಹೇಳಿದೆ. "ಆತ್ ಬಿಡವ್ವಾ, ಎಲ್ಲಾ ಕೂಡ್ಸಿ ಎಣಿಸೀರಲ್ಲ, ಅಷ್ಟಾದ್ರ ಸಾಕು," ಅಂದರು. ಪಾಸ್ ಆಗಿದ್ದಕ್ಕೆ ಹಾಗಂದರೋ, ಫೇಲ್ ಆಗಿದ್ದರೂ ಹಾಗೇ ಅಂತಿದ್ದರೋ, ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಲೆಕ್ಕ ನಿಂತಿರೋದು ಒಂದು ಕಾಳಿನ ಗತಿ ಇನ್ನೊಂದಕ್ಕೆ ಸಂಬಂಧವಿಲ್ಲ ಅನ್ನೋ ಮಾತಿನ ಮೇಲೆ. ಬೀಜದ ವಿಷಯದಲ್ಲಿ ಆ ಮಾತು ಆಗಾಗ ಕೈಕೊಡುತ್ತೆ. 50 ಚೀಲದ ಲಾಟಿನಲ್ಲಿ 5 ಚೀಲ ಮಳೆಗೆ ನೆನೆದು ಪೂರ್ತಿ ಸತ್ತಿವೆ, ಉಳಿದ 45 ಚಿನ್ನದಂಥವು ಅಂದ್ಕೊಳ್ಳಿ. ಸರಾಸರಿ ಕೆಡುಕು 10% ತಾನೇ? ನಿರೀಕ್ಷಿತ ಮೌಲ್ಯಕ್ಕೆ ಏನೂ ಆಗಿಲ್ಲ. ಆದರೆ ಯಾವುದೋ ಒಂದೇ ಚೀಲಕ್ಕೆ ಕೊಳವೆ ಚುಚ್ಚಿ ನೂರೂ ಕಾಳು ತೆಗೆದರೆ ಕೆಟ್ಟವು ಸೊನ್ನೆ ಬರುತ್ತೆ ಅಥವಾ ನೂರು ಬರುತ್ತೆ. ಹತ್ತರ ಆಚೆ ಈಚೆ ಮೂರು ಅನ್ನೋ ಹರಡುವಿಕೆ ಎಲ್ಲಿ ಹೋಯ್ತು? ಸರಾಸರಿ ಉಳಿಯುತ್ತೆ, ಬೈನಾಮಿಯಲ್ ಉಳಿಯಲ್ಲ. ಅದಕ್ಕೇ ಬೇರೆ ಬೇರೆ ಚೀಲಗಳಿಂದ, ಮೇಲೆ, ನಡುವೆ, ತಳದಿಂದ ತೆಗೆದು ಚೆನ್ನಾಗಿ ಕಲಸಿ ಆಮೇಲೆ ನಾನೂರು ಎಣಿಸಬೇಕು. ಲ್ಯಾಬ್‌ನಲ್ಲಿ ಎಷ್ಟು ನಾಜೂಕಾಗಿ ಎಣಿಸಿದರೂ ಗೋದಾಮಿನಲ್ಲಿ ಸೋಮಾರಿತನ ಮಾಡಿದ್ದನ್ನು ಸರಿಪಡಿಸೋಕಾಗಲ್ಲ.

ಸಂಬಂಧ ಲ್ಯಾಬ್‌ನಲ್ಲೂ ಹುಟ್ಟುತ್ತೆ. ಒಂದು ಕಾಳಿಗೆ ಬೂಸ್ಟು ಹಿಡಿದರೆ ಪಕ್ಕದ ಕಾಳಿಗೂ ಹಬ್ಬುತ್ತೆ. ಅದನ್ನು ಹಿಡಿಯೋದು ಹೇಗೆ? ನಾಲ್ಕು ಭಾಗ ಮಾಡಿರೋದೇ ಅದಕ್ಕೆ. ಇನ್ನೊಂದು ಲಾಟಿನಲ್ಲಿ ನಮಗೆ 94, 93, 91, 74 ಬಂತು. ಸರಾಸರಿ 88, ಫೇಲ್ ಅನ್ನಬಹುದಿತ್ತು. ಆದರೆ ಸರಾಸರಿ 88 ಇದ್ದಾಗ ಬರೀ ಅದೃಷ್ಟದಿಂದ ನಾಲ್ಕು ನೂರುಗಳ ನಡುವೆ 13ಕ್ಕಿಂತ ಹೆಚ್ಚು ಅಂತರ ಬರೋದು ನೂರಕ್ಕೆ ಎರಡು ಮೂರು ಸಲ ಮಾತ್ರ. ಇಸ್ಟಾ ಕೋಷ್ಟಕದ ಮಿತಿ ಹುಟ್ಟಿರೋದು ಇದೇ ಬೈನಾಮಿಯಲ್ ಲೆಕ್ಕದಿಂದ. ನಮ್ಮಲ್ಲಿ ಅಂತರ 20. ಸುರುಳಿ ಬಿಚ್ಚಿ ನೋಡಿದರೆ ನಾಲ್ಕನೆಯದರಲ್ಲಿ ಒಂದೇ ಮೂಲೆಯಲ್ಲಿ ಗುಂಪಾಗಿ ಬೂಸ್ಟು. ಇಂಥ ಕಡೆ ಮರುಪರೀಕ್ಷೆ ನ್ಯಾಯ, ಯಾಕಂದ್ರೆ ನಂಬರ್ ಇಷ್ಟವಾಗಲಿಲ್ಲ ಅಂತಲ್ಲ, ಪರೀಕ್ಷೆಯೇ ಕೆಟ್ಟಿದೆ ಅಂತ. ಅಂತರ ಮಿತಿಯೊಳಗಿದ್ದು ಸರಾಸರಿ ಮಾತ್ರ ಕಡಿಮೆ ಇದ್ದಿದ್ದರೆ ಆ ಮಾತು ಹೇಳೋಕೆ ಬರ್ತಿರಲಿಲ್ಲ.

ಚೀಲ ಕೊಂಡ ರೈತನಿಗೆ ಈ ಏರಿಳಿತ ಕಾಣಲ್ಲ, ಅದೊಂದು ವಿಚಿತ್ರ. ಸಾವಿರ ಕಾಳಿಗೆ 280 ಗ್ರಾಂ ತೂಗುವ ಬೀಜವಾದರೆ 4 ಕೆಜಿ ಚೀಲದಲ್ಲಿ ಹೆಚ್ಚುಕಮ್ಮಿ 14,000 ಕಾಳು. ಲಾಟು ಚೆನ್ನಾಗಿ ಕಲಸಿದ್ದು, ಕೆಡುಕು 10% ಆದರೆ ಪ್ರತಿ ಚೀಲದಲ್ಲಿ ಏಳದ ಕಾಳು 1,400ರ ಸುತ್ತ, ಹರಡುವಿಕೆ ಬರೀ 35. ಎರಡು ಚೀಲದ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. "ನನ್ನ ಚೀಲದಾಗ ಮುನ್ನೂರು ಹೆಚ್ಚು ಸತ್ತಾವ" ಅಂತ ಯಾರಾದರೂ ಬಂದರೆ ಅದೃಷ್ಟದ ಮೇಲೆ ಹಾಕೋಕೆ ಬರಲ್ಲ. ಒಂದೋ ಲಾಟಿನ ಅಂದಾಜೇ ತಪ್ಪಿತ್ತು, ಇಲ್ಲಾ ಅಂಗಡಿಯಲ್ಲಿ ಚೀಲಕ್ಕೆ ತೇವ ತಾಗಿದೆ, ಇಲ್ಲಾ ಹೊಲದಲ್ಲಿ ಹಸಿ ಸಾಲದೆ ಹೋಗಿದೆ. ಲಾಟ್ ನಂಬರ್ ಕೇಳಿ ಎತ್ತಿಟ್ಟ ಸ್ಯಾಂಪಲ್ಲಿನಿಂದ ಇನ್ನೊಂದು ನಾನೂರು ಇಟ್ಟರೆ ಮೊದಲನೆಯದು ಹೌದೋ ಅಲ್ಲವೋ ಏಳು ದಿನದಲ್ಲಿ ಗೊತ್ತಾಗುತ್ತೆ.

ನಮ್ಮ ರಿಜಿಸ್ಟರಿನಲ್ಲಿ ಈಗ ಪ್ರತಿ ಲಾಟಿನ ಮುಂದೆ ನಾಲ್ಕು ಸುರುಳಿಯ ಅಂಕಿ, ಅವುಗಳ ಅಂತರ, ಹಿಂದಿನ ಪರೀಕ್ಷೆ ಇದ್ದರೆ ಅದರದ್ದೂ ಸೇರಿಸಿದ ಒಟ್ಟು ಬರೀತೀವಿ. ಕಾಕಾನ ಸಾಲಿನಲ್ಲಿ 500ಕ್ಕೆ 49 ಅಂತಿದೆ.