ಅಮ್ಮನ ಸರ ಮತ್ತು ಅಲ್ಲಾಡದ ಅಸಲು

ಮೂರು ವರ್ಷಗಳ ಹಿಂದೆ ಅಪ್ಪನ ಆಪರೇಷನ್ನಿಗೆಂದು ಅಮ್ಮನ ಸರ ಅಡವಿಟ್ಟು ಒಂದು ಲಕ್ಷ ತಂದಿದ್ದೆವು. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ತಿಂಗಳು ತಿಂಗಳು ಬಡ್ಡಿ ಮಾತ್ರ ಕಟ್ಟಬೇಕು, ಅಸಲನ್ನು ವರ್ಷದ ಕೊನೆಗೆ ಒಮ್ಮೆಗೇ ತೀರಿಸಬೇಕು. ನನ್ನ ಫೆಲೋಶಿಪ್ಪಿನಲ್ಲಿ ಸಾವಿರ ರೂಪಾಯಿ ಎತ್ತಿಡುವುದು ಭಾರವೆನಿಸಲಿಲ್ಲ. ವರ್ಷ ತುಂಬಿದಾಗ ಕೈಯಲ್ಲಿ ಲಕ್ಷ ಇರಲಿಲ್ಲ, ರಿನ್ಯೂ ಮಾಡಿಸಿದೆವು. ಮರುವರ್ಷವೂ ಅದೇ.

ಮೊನ್ನೆ ಅಮ್ಮ ಕೇಳಿದಳು: ‘ಒಂದು ತಿಂಗಳೂ ತಪ್ಪಿಸಿಲ್ಲವಲ್ಲೋ, ಇನ್ನೆಷ್ಟು ಉಳಿದಿದೆ?’

‘ಒಂದು ಲಕ್ಷ’ ಎಂದೆ. ಅವಳು ತಮಾಷೆ ಎಂದುಕೊಂಡಳು.

ಆ ರಾತ್ರಿ ಲೆಕ್ಕ ಹಾಕಿದೆ. ಇದೇ ಲಕ್ಷವನ್ನು ಇದೇ ಬಡ್ಡಿಗೆ 36 ತಿಂಗಳ ಕಂತಿನ ಸಾಲವಾಗಿ ತಂದಿದ್ದರೆ ಕಂತು ಸುಮಾರು 3,321 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿ 1,000, ಉಳಿದ 2,321 ಅಸಲಿಗೆ. ಹಾಗಾಗಿ ಎರಡನೇ ತಿಂಗಳ ಬಡ್ಡಿ 977ಕ್ಕೆ ಇಳಿಯುತ್ತದೆ. ಹೀಗೆ ಇಳಿಯುತ್ತಾ ಮೂರು ವರ್ಷದಲ್ಲಿ ಒಟ್ಟು ಬಡ್ಡಿ ಸುಮಾರು 19,570. ನಾವು ಕಟ್ಟಿದ್ದು 36,000. ಇದರಲ್ಲಿ ಮೋಸವೇನೂ ಇಲ್ಲ. ಪೂರ್ತಿ ಲಕ್ಷವನ್ನು ಮೂರು ವರ್ಷವೂ ನಾವೇ ಇಟ್ಟುಕೊಂಡಿದ್ದೆವು, ಅದರ ಬಾಡಿಗೆ ಅಷ್ಟು.

ಹಾಗಾದರೆ ಪ್ರತಿ ತಿಂಗಳು ಕಂತಿಗೆ ಹೋಗದೆ ಉಳಿದ ಆ 2,321 ಏನಾಯಿತು? ಅದನ್ನು ಶೇ. 12ರ ಬಡ್ಡಿಗೆ ಬೆಳೆಸಿದ್ದರೆ 36ನೇ ತಿಂಗಳಿಗೆ ಸರಿಯಾಗಿ ಒಂದು ಲಕ್ಷವಾಗುತ್ತಿತ್ತು, ಎರಡೂ ಸಾಲ ಒಂದೇ ಆಗುತ್ತಿದ್ದವು. ಶೇ. 6ರ ಆರ್‌ಡಿಯಲ್ಲಿ ಹಾಕಿದ್ದರೆ ಸುಮಾರು 91,300 ಸೇರಿ, 8,700 ಕೊರತೆ ಬೀಳುತ್ತಿತ್ತು. ಅಷ್ಟನ್ನಾದರೂ ಹೇಗೋ ಹೊಂದಿಸಬಹುದಿತ್ತು. ನಾನು ಆರ್‌ಡಿಯನ್ನೇ ಮಾಡಲಿಲ್ಲ. ಆ ಹಣ ಪುಸ್ತಕ, ಬಸ್ಸು, ಕ್ಯಾಂಟೀನುಗಳಲ್ಲಿ ಕರಗಿತು. ಸಾವಿರ ಕಟ್ಟಿದ ದಿನ ಸಾಲ ತೀರಿಸುತ್ತಿದ್ದೇನೆಂಬ ಸಮಾಧಾನ ಬೇರೆ.

ಸಾಗರದ ಕಡೆ ಅಡಿಕೆ ತೋಟವಿರುವ ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದರೆ ನಕ್ಕಳು. ಅವಳ ಕೈಗೆ ದುಡ್ಡು ಬರುವುದು ಅಡಿಕೆ ಮಾರಿದಾಗ, ಒಟ್ಟಿಗೆ. ತಿಂಗಳ ಕಂತು ಕಟ್ಟಲು ಅವಳು ಇನ್ನೊಂದು ಕೈಸಾಲ ಮಾಡಬೇಕಾದೀತು. ಕೊನೆಗೆ ಅಸಲು ಕೊಡುವ ಸಾಲ ಅವಳಿಗೆ ಸರಿಯೇ, ಯಾಕೆಂದರೆ ಆ ‘ಕೊನೆ’ ಯಾವಾಗ ಬರುತ್ತದೆಂದು ಅವಳಿಗೆ ಗೊತ್ತು. ತಿಂಗಳ ಫೆಲೋಶಿಪ್ಪಿನವನಾದ ನನಗೆ ಅಂಥ ಸುಗ್ಗಿ ಯಾವುದೂ ಇರಲಿಲ್ಲ.

ಸಾಲ ಬದಲಿಸುವ ತಾಪತ್ರಯ ಬೇಡವೆಂದು, ಅಸಲಿಗೆ ಭಾಗಶಃ ಕಟ್ಟಬಹುದೇ ಎಂದು ಕೌಂಟರಿನಲ್ಲಿ ವಿಚಾರಿಸಿದೆ. ಕಟ್ಟಬಹುದು ಎಂದರು. ಈ ತಿಂಗಳು 3,300 ಕಟ್ಟಿದೆ. ರಸೀದಿ ಅಮ್ಮನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಉಳಿದ ಅಸಲು 97,700 ಎಂಬುದನ್ನು ಗಟ್ಟಿಯಾಗಿ ಓದಿದಳು.