ನೆನೆದ ಉಣ್ಣೆ ಬೆಚ್ಚಗೇಕೆ?

ಜುಲೈ ತಿಂಗಳಲ್ಲಿ ಮುಳ್ಳಯ್ಯನಗಿರಿ ಚಾರಣಕ್ಕೆ ಹೊರಟ ಮಗಳು ಬ್ಯಾಗಿಗೆ ಜೀನ್ಸ್ ಪ್ಯಾಂಟು, ಎರಡು ಕಾಟನ್ ಟೀಶರ್ಟು ತುಂಬಿದ್ದಳು. ಮೂಡಲಪಾಳ್ಯದ ಮಳೆಗೆ ಅಷ್ಟು ಸಾಕು; ನೆನೆದರೆ ಮನೆಗೆ ಬಂದು ಬಟ್ಟೆ ಬದಲಿಸಬಹುದು. ಆದರೆ 1,900 ಮೀಟರಿಗೂ ಎತ್ತರದ ಆ ಬೆಟ್ಟದಲ್ಲಿ ಮಳೆಗಾಲವೆಂದರೆ ಮಂಜು ಮತ್ತು ಬೀಸುಗಾಳಿ. ಅಲ್ಲಿ ಹತ್ತಿ ಬಟ್ಟೆ ಯಾಕೆ ಬೇಡ ಎಂದು ಅವಳು ಕೇಳಿದಳು.

ಅವಳಿಗೆ ಒಂದು ಕಾಟನ್ ಕಾಲುಚೀಲ, ಒಂದು ಉಣ್ಣೆಯ ಕಾಲುಚೀಲ ಕೊಟ್ಟು, ಎರಡನ್ನೂ ನೀರಲ್ಲಿ ಅದ್ದಿ ಹಿಂಡಲು ಹೇಳಿದೆ. ಹತ್ತಿಯದು ಚಪ್ಪಟೆಯಾಗಿ ಅಂಟಿಕೊಂಡಿತು. ಉಣ್ಣೆಯದು ಮುಷ್ಟಿ ಬಿಟ್ಟೊಡನೆ ಮೆಲ್ಲಗೆ ಉಬ್ಬಿತು. ಇಡೀ ಗುಟ್ಟು ಅಲ್ಲೇ ಇದೆ. ನಮ್ಮನ್ನು ಬೆಚ್ಚಗಿಡುವುದು ನೂಲುಗಳ ನಡುವೆ ಸಿಕ್ಕಿಕೊಂಡ ಗಾಳಿ. ಉಣ್ಣೆಯ ಎಳೆ ಗುಂಗುರಾಗಿದ್ದು, ಒದ್ದೆಯಾದರೂ ಆ ಗಾಳಿಗೆ ಸ್ವಲ್ಪ ಜಾಗ ಉಳಿಸುತ್ತದೆ. ಹತ್ತಿಯಲ್ಲಿ ಆ ಜಾಗವನ್ನು ನೀರು ತುಂಬಿಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ.

ಇನ್ನೊಂದು ಕಾರಣವೂ ಇದೆ. ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗೇ ಹೀರಿಕೊಳ್ಳಬಲ್ಲದು. ಹೊರಮೈ ಮಾತ್ರ ನೀರಹನಿಗೆ ಸುಲಭವಾಗಿ ಒಲಿಯುವುದಿಲ್ಲ. ಹಾಗಾಗಿ ಚರ್ಮಕ್ಕೆ ತಾಗುವ ಒದ್ದೆ ಕಡಿಮೆ. ಹತ್ತಿ ಅಂಗಿಯಲ್ಲಿ 100 ಗ್ರಾಂ ಬೆವರು ನಿಂತಿದೆ ಎನ್ನಿ. ಅದು ಆರಲು ಬೇಕಾದ ಶಾಖದಲ್ಲಿ ಸುಮಾರು ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವಷ್ಟು ಕಾಯಿಸಬಹುದು. ಅದರಲ್ಲಿ ಬಹುಪಾಲನ್ನು ಮೈಯೇ ಕೊಡಬೇಕು. ಏಪ್ರಿಲ್ ಬಿಸಿಲಲ್ಲಿ ಸಾವನದುರ್ಗ ಹತ್ತುವವರಿಗೆ ಇದೇ ಹಿತ. ಮಂಜಿನ ಗಾಳಿಯಲ್ಲಿ ಇದೇ ನಡುಕ.

ಮಲೆನಾಡಿನ ರೈತರು ಕಂಬಳಿಕೊಪ್ಪೆ ಹೊದ್ದು ಸುರಿಯುವ ಮಳೆಯಲ್ಲಿ ಗದ್ದೆ ಕೆಲಸ ಮಾಡುತ್ತಿದ್ದುದು ಇದೇ ಬಲದಿಂದ. ಹಾಗೆಂದು ಉಣ್ಣೆ ಮಾಯೆಯಲ್ಲ. ತೊಯ್ದು ತೊಪ್ಪೆಯಾದರೆ ಅದೂ ಭಾರ, ಒಣಗಲು ಬಹಳ ಹೊತ್ತು ಬೇಕು, ಒಣಗಿದ್ದಾಗಿನಷ್ಟು ಬೆಚ್ಚಗೂ ಇರದು. ಗಾಳಿ ತಡೆಯಲು ಮೇಲೊಂದು ರೇನ್‌ಕೋಟ್ ಬೇಕೇ ಬೇಕು.

ಅಂಗಡಿಯಲ್ಲಿ 'ಉಲ್ಲನ್' ಎಂದು ಕೊಡುವ ಸ್ವೆಟರುಗಳಲ್ಲಿ ಅಕ್ರಿಲಿಕ್ಕಿನವೂ ಇರುತ್ತವೆ. ಲೇಬಲ್ ಓದಿ. ಅನುಮಾನವಿದ್ದರೆ ಹಿರಿಯರು ಒಂದು ಎಳೆ ಸುಟ್ಟು ನೋಡಬಹುದು: ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಕೊನೆಗೆ ಅವಳ ಬ್ಯಾಗಿನಲ್ಲಿ ಜೀನ್ಸ್ ಬದಲು ಬೇಗ ಒಣಗುವ ಪಾಲಿಯೆಸ್ಟರ್ ಪ್ಯಾಂಟ್ ಮತ್ತು ಟೀಶರ್ಟ್, ಉಣ್ಣೆಯ ಸ್ವೆಟರ್, ಎರಡು ಜೊತೆ ಉಣ್ಣೆ ಕಾಲುಚೀಲ, ರೇನ್‌ಕೋಟ್ ಸೇರಿದವು. ಕಾಟನ್ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ, ವಾಪಸ್ ಬರುವಾಗ ಬಸ್ಸಿಗೆ. ಇನ್ನೊಂದು ಮಾತನ್ನೂ ಹೇಳಿದೆ: ಜೊತೆಗಾರರು ಯಾರಾದರೂ ಬಿಡದೆ ನಡುಗಿದರೆ, ಮಾತು ತೊದಲಿದರೆ, ಶೂ ಲೇಸ್ ಕಟ್ಟಲು ತಡವರಿಸಿದರೆ, ಕೂಡಲೇ ದೊಡ್ಡವರನ್ನು ಕರೆಯಬೇಕು. ಗಾಳಿ ಬಡಿಯದ ಕಡೆ ಕೂರಿಸಿ, ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ಹಾಕಬೇಕು, ಮೇಲೆ ಹತ್ತುವುದನ್ನು ಅಲ್ಲಿಗೇ ನಿಲ್ಲಿಸಬೇಕು.